ತಡೆಯಾಜ್ಞೆ ಕೇಳಿದ ದಾವೆ, ನಡುವೆ ಕೈತಪ್ಪಿದ ಜಾಗ

ಪಾಟೀ ಸವಾಲಿನಲ್ಲಿ ಎದುರು ಪಕ್ಷದ ವಕೀಲರು ಕೇಳಿದ್ದು ಸಣ್ಣ ಪ್ರಶ್ನೆ. "ಈಗ ಆ ಒಂಬತ್ತು ಗುಂಟೆ ಯಾರ ಕೈಯಲ್ಲಿದೆ?" ನನ್ನ ಕಕ್ಷಿದಾರರು ಹೊಸನಗರ ಕಡೆಯ ಅಡಿಕೆ ಬೆಳೆಗಾರರು, ಸುಳ್ಳು ಹೇಳಲು ಬಾರದವರು. "ಅವರ ಕೈಯಲ್ಲೇ ಇದೆ ಸ್ವಾಮಿ, ಹೋದ ವರ್ಷ ಮಳೆಗಾಲದಲ್ಲಿ ಅಗಳ ಹೊಡೆಸಿ ಬೇಲಿ ಹಾಕಿದಾರೆ" ಅಂದುಬಿಟ್ಟರು. ಅಲ್ಲಿಗೆ ನಮ್ಮ ದಾವೆ ಅರ್ಧ ಮುಗಿದ ಹಾಗೆ. ನಾವು ಕೇಳಿದ್ದು ಬರೀ ಶಾಶ್ವತ ನಿರ್ಬಂಧಕಾಜ್ಞೆ, ಅಂದರೆ "ನನ್ನ ಸ್ವಾಧೀನಕ್ಕೆ ತೊಂದರೆ ಕೊಡಬೇಡಿ" ಎಂಬ ಆದೇಶ. ಸ್ವಾಧೀನವೇ ಹೋದ ಮೇಲೆ ಆ ಆದೇಶಕ್ಕೆ ಏನು ಅರ್ಥ?

ದಾವೆಯ ನಡುವೆ ಸ್ವಾಧೀನ ಹೋಗಿ ವಾದಪತ್ರವನ್ನೇ ತಿದ್ದಬೇಕಾಗುವುದು ಮಲೆನಾಡಿನ ತೋಟದ ಗಡಿ ವ್ಯಾಜ್ಯಗಳಲ್ಲಿ ಜಾಸ್ತಿ ಕಾಣುವ ಸಮಸ್ಯೆ. ಈ ಪ್ರಕರಣದ ಗುರುತು ಸಿಗದಂತೆ ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ. ದಾವೆ ಹಾಕಿದ್ದು 2012ರ ಸೆಪ್ಟೆಂಬರ್. ಹಳ್ಳದ ಬದಿಯ ಒಂಬತ್ತು ಗುಂಟೆಗೆ ಪಕ್ಕದವರು ಬರುತ್ತಿದ್ದಾರೆ ಎಂಬುದು ದೂರು. ತಾತ್ಕಾಲಿಕ ತಡೆಯಾಜ್ಞೆ ಸಿಗಲಿಲ್ಲ. 2013ರ ಜನವರಿಯಲ್ಲಿ ಪ್ರತಿವಾದಿ ತಮ್ಮ ಲಿಖಿತ ಹೇಳಿಕೆಯಲ್ಲಿ "ಆ ಜಾಗ ವಾದಿಯದ್ದೇ ಅಲ್ಲ, ನಮ್ಮ ಸರ್ವೆ ನಂಬರಿನದು" ಎಂದು ಬರೆದರು. ಆವತ್ತೇ ನಾನು ಎಚ್ಚೆತ್ತು, ಮಾಲೀಕತ್ವದ ಘೋಷಣೆಯನ್ನೂ ಕೇಳಬೇಕಿತ್ತು. ಹಕ್ಕಿನ ಬಗ್ಗೆಯೇ ನಿಜವಾದ ತಕರಾರು ಎದ್ದರೆ ಬರೀ ನಿರ್ಬಂಧಕಾಜ್ಞೆಯ ದಾವೆ ಸಾಲದು ಎಂದು ಸುಪ್ರೀಂ ಕೋರ್ಟ್ 2008ರ ಅನಾತುಲ ಸುಧಾಕರ್ ಪ್ರಕರಣದಲ್ಲೇ ಸ್ಪಷ್ಟವಾಗಿ ಹೇಳಿತ್ತು. ಪಹಣಿ ಇದೆ, ಕ್ರಯಪತ್ರ ಇದೆ ಎಂಬ ಧೈರ್ಯದಲ್ಲಿ ನಾನು ಸುಮ್ನೆ ಕೂತೆ. ತಪ್ಪು ನನ್ನದೇ.

2014ರ ಆಗಸ್ಟ್‌ನಲ್ಲಿ ವಾದಿಯ ಸಾಕ್ಷ್ಯದ ಅಫಿಡವಿಟ್ ಸಲ್ಲಿಸಿದೆವು. 2015ರ ಜುಲೈನಲ್ಲಿ ಬೇಲಿ ಬಿತ್ತು. ನನಗೆ ಗೊತ್ತಾಗಿದ್ದು 2016ರ ಅಕ್ಟೋಬರ್‌ನ ಆ ಪಾಟೀ ಸವಾಲಿನಲ್ಲಿ! "ಹೇಳಬೇಕು ಅಂತ ಅನಿಸಲಿಲ್ಲ ಸಾರ್, ಕೇಸು ಹೆಂಗೂ ನಡೀತಾ ಇದೆಯಲ್ಲ" ಎಂದರು ಅವರು. ನವೆಂಬರ್‌ನಲ್ಲಿ ವಾದಪತ್ರದ ತಿದ್ದುಪಡಿಗೆ ಮಧ್ಯಂತರ ಅರ್ಜಿ ಹಾಕಿದೆ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 17 ಎರಡು ಮಾತು ಹೇಳುತ್ತದೆ. ನಿಜವಾದ ವಿವಾದವನ್ನು ತೀರ್ಮಾನಿಸಲು ಬೇಕಾದ ತಿದ್ದುಪಡಿಯನ್ನು ಕೋರ್ಟ್ ಯಾವ ಹಂತದಲ್ಲಾದರೂ ಒಪ್ಪಬಹುದು. ಆದರೆ 2002ರ ಜುಲೈ 1ರಿಂದ ಅದಕ್ಕೊಂದು ಬಾಲ ಸೇರಿದೆ. ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಬೇಕೆಂದರೆ, ತಕ್ಕ ಜಾಗ್ರತೆ ವಹಿಸಿದ್ದರೂ ಆ ವಿಷಯವನ್ನು ಮೊದಲೇ ಎತ್ತಲು ಆಗುತ್ತಿರಲಿಲ್ಲ ಎಂದು ಕೋರ್ಟಿಗೆ ಮನವರಿಕೆ ಆಗಬೇಕು. ವಿಚಾರಣೆ ಶುರುವಾಗುವುದು ಯಾವಾಗ? ಸಾಕ್ಷಿ ಕಟಕಟೆ ಹತ್ತಿದಾಗ ಎಂದುಕೊಂಡವರು ಬಹಳ ಜನ. ಹಾಗಲ್ಲ. ಮುಖ್ಯ ವಿಚಾರಣೆಯ ಅಫಿಡವಿಟ್ ಸಲ್ಲಿಸಿದರೆ ವಿಚಾರಣೆ ಶುರುವಾದಂತೆಯೇ ಎಂದು ಸುಪ್ರೀಂ ಕೋರ್ಟ್ 2008ರ ವಿದ್ಯಾಬಾಯಿ ಪ್ರಕರಣದಲ್ಲಿ ಹೇಳಿದೆ. ನಮಗೆ ಆ ಗೆರೆ 2014ರ ಆಗಸ್ಟ್.

ನಮ್ಮ ಅರ್ಜಿಯಲ್ಲಿ ಮೂರು ಬೇಡಿಕೆ ಇದ್ದವು. ಒಂಬತ್ತು ಗುಂಟೆಯ ಸ್ವಾಧೀನ ವಾಪಸ್ ಕೊಡಿಸಬೇಕು. ಅದರ ಮಾಲೀಕತ್ವ ಘೋಷಿಸಬೇಕು. ಮೂರನೆಯದು ಕಕ್ಷಿದಾರರ ಹಠ: ತೋಟದ ಇನ್ನೊಂದು ಬದಿಯಲ್ಲಿ, ಬೇರೆ ಸರ್ವೆ ನಂಬರಿನಲ್ಲಿರುವ ಹದಿನಾಲ್ಕು ಗುಂಟೆ ಬೇಣ, ಅಂದರೆ ಹುಲ್ಲಿನ ಜಾಗವೂ ತಮ್ಮದೇ ಎಂದು ಸೇರಿಸಬೇಕು. "ಹೆಂಗೂ ತಿದ್ದುತಾ ಇದೀವಲ್ಲ, ಅದನ್ನೂ ಹಾಕಿ ಸಾರ್." ಬೇಡವೆಂದರೂ ಕೇಳಲಿಲ್ಲ, ನಾನೂ ಮಣಿದೆ.

ಸ್ವಾಧೀನದ ಮಾತು ಸುಲಭವಾಗಿತ್ತು. ಬೇಲಿ ಬಿದ್ದದ್ದು ವಿಚಾರಣೆ ಶುರುವಾದ ಹನ್ನೊಂದು ತಿಂಗಳ ಮೇಲೆ. ಆಗದೇ ಇದ್ದ ಘಟನೆಯನ್ನು ಮೊದಲೇ ಬರೆಯಲು ಯಾರಿಗೂ ಆಗದು, ಹಾಗಾಗಿ ಜಾಗ್ರತೆಯ ಪ್ರಶ್ನೆ ಅಲ್ಲೇ ಬಿದ್ದುಹೋಯಿತು. ಆಮೇಲೆ ಹದಿನಾರು ತಿಂಗಳು ಸುಮ್ಮನಿದ್ದದ್ದಕ್ಕೆ ನಮ್ಮ ಮೇಲೆ ಖರ್ಚು ಹಾಕಿದರೆ ಸಾಕು ಎಂದಿತು ಕೋರ್ಟ್.

ಘೋಷಣೆಯ ಮಾತಿಗೆ ಬಿಸಿಬಿಸಿ ವಾದ ನಡೆಯಿತು. ಕೋರ್ಟುಗಳು ಇಲ್ಲಿ ಒಂದು ಸರಳ ಲೆಕ್ಕ ಹಾಕುತ್ತವೆ: ಇದೇ ಬೇಡಿಕೆಯನ್ನು ಇವತ್ತು ಹೊಸ ದಾವೆಯಾಗಿ ಹಾಕಿದರೆ ಅವಧಿ ಮೀರಿರುತ್ತದೆಯೇ? ಮೀರಿದ್ದರೆ, ಎದುರು ಪಕ್ಷಕ್ಕೆ ಕಾಲ ಕೊಟ್ಟ ರಕ್ಷಣೆಯನ್ನು ತಿದ್ದುಪಡಿಯ ಹೆಸರಿನಲ್ಲಿ ಸಾಮಾನ್ಯವಾಗಿ ಕಿತ್ತುಕೊಳ್ಳುವುದಿಲ್ಲ. ಯಾಕೆಂದರೆ ಒಪ್ಪಿದ ತಿದ್ದುಪಡಿ ಸಾಮಾನ್ಯವಾಗಿ ದಾವೆಯ ಮೊದಲ ದಿನದಿಂದಲೇ ಇತ್ತು ಎಂಬಂತೆ ಲೆಕ್ಕವಾಗುತ್ತದೆ. ಘೋಷಣೆಗೆ ಕಾಲಮಿತಿ ಕಾಯ್ದೆಯ 58ನೇ ಅನುಚ್ಛೇದದಂತೆ ಮೂರು ವರ್ಷ, ಹಕ್ಕು ಮೊದಲ ಸಲ ನಿರಾಕರಣೆಯಾದಾಗಿನಿಂದ. ನಿರಾಕರಣೆ 2013ರ ಜನವರಿ, ನಮ್ಮ ಅರ್ಜಿ 2016ರ ನವೆಂಬರ್. ಎದುರಿನ ವಕೀಲರು ಇದನ್ನೇ ಹಿಡಿದು ಕೂತರು. ಬರೀ ಘೋಷಣೆ ಕೇಳಿದ್ದರೆ ಅವರೇ ಗೆಲ್ಲುತ್ತಿದ್ದರು.

ನಮ್ಮನ್ನು ಉಳಿಸಿದ್ದು ಸ್ವಾಧೀನದ ಬೇಡಿಕೆ. ಮಾಲೀಕತ್ವದ ಆಧಾರದ ಮೇಲೆ ಜಾಗ ವಾಪಸ್ ಕೇಳಲು 65ನೇ ಅನುಚ್ಛೇದದಂತೆ ಹನ್ನೆರಡು ವರ್ಷ ಇದೆ. ಘೋಷಣೆ ಅದರ ಜತೆಗೆ ಬಂದಾಗ ಈ ಹನ್ನೆರಡರ ಲೆಕ್ಕವೇ ನಡೆಯುತ್ತದೆ. ಪಕ್ಕದವರು ಬೇಲಿ ಹಾಕಿ ನಮಗೆ ಕೇಡು ಮಾಡಿದ್ದು ಹೌದು. ಆದರೆ ಆ ಬೇಲಿಯೇ ನಮ್ಮ ಅವಧಿಯನ್ನು ಮೂರರಿಂದ ಹನ್ನೆರಡಕ್ಕೆ ಎತ್ತಿತು. ಘೋಷಣೆಯನ್ನು ಮೊದಲೇ ಕೇಳಬಹುದಿತ್ತಲ್ಲ ಎಂಬ ಆಕ್ಷೇಪಕ್ಕೆ ನ್ಯಾಯಾಧೀಶರ ಉತ್ತರ ಹೀಗಿತ್ತು: ಸ್ವಾಧೀನ ಕೊಡಿಸಬೇಕಾದರೆ ಹಕ್ಕನ್ನು ಹೇಗೂ ತೀರ್ಮಾನಿಸಬೇಕು, ಎರಡನ್ನೂ ಬೇರ್ಪಡಿಸಿದರೆ ಇನ್ನೊಂದು ದಾವೆ ಹುಟ್ಟುತ್ತದೆ ಅಷ್ಟೆ. ಜಾಗ ನಿಜಕ್ಕೂ ಯಾರದ್ದು ಎಂಬುದಕ್ಕೆ ಅವರು ಕೈಹಾಕಲಿಲ್ಲ. ತಿದ್ದುಪಡಿಯ ಹಂತದಲ್ಲಿ ಅದನ್ನು ನೋಡುವುದೂ ಇಲ್ಲ.

ಬೇಣ ಮಾತ್ರ ಎರಡೇ ಸಾಲಿನಲ್ಲಿ ವಜಾ ಆಯಿತು. ಜಾಗ ಬೇರೆ, ಸರ್ವೆ ನಂಬರ್ ಬೇರೆ, ದಾವೆ ಹಾಕುವ ದಿನವೇ ಗೊತ್ತಿದ್ದ ವಿಷಯ. "ಕಣ್ತಪ್ಪಿನಿಂದ ಬಿಟ್ಟುಹೋಗಿತ್ತು" ಎಂದು ಅಫಿಡವಿಟ್‌ನಲ್ಲಿ ಬರೆದಿದ್ದೆವು. ಈ ವಾಕ್ಯವನ್ನು ವಕೀಲರ ಗುಮಾಸ್ತರು ಕಣ್ಣುಮುಚ್ಚಿ ಟೈಪ್ ಮಾಡುತ್ತಾರೆ, ನ್ಯಾಯಾಧೀಶರೂ ಹಾಗೇ ಕಣ್ಣುಮುಚ್ಚಿ ತಿರಸ್ಕರಿಸುತ್ತಾರೆ. ಯಾವಾಗ ಗೊತ್ತಾಯಿತು, ಹೇಗೆ ಗೊತ್ತಾಯಿತು, ಮೊದಲು ಯಾಕೆ ಹೇಳಲಿಲ್ಲ ಎಂಬುದಕ್ಕೆ ತಾರೀಕಿನ ಸಮೇತ ಉತ್ತರ ಇರಬೇಕು. ಇಂಥದ್ದೇ ಕಾರಣಕ್ಕೆ ಸುಪ್ರೀಂ ಕೋರ್ಟ್ 2024ರಲ್ಲಿ ನಮ್ಮ ರಾಜ್ಯದ ಬಸವರಾಜ್ ಪ್ರಕರಣದಲ್ಲಿ ತಿದ್ದುಪಡಿ ನಿರಾಕರಿಸಿತು. ಪಾಲಿನ ದಾವೆ ಹಾಕಿದವರು, ಕೊನೆಯ ಹಂತದಲ್ಲಿ ಹಳೆಯ ರಾಜಿ ಡಿಕ್ರಿಯನ್ನೇ ರದ್ದು ಮಾಡಿ ಎಂದು ಸೇರಿಸಲು ಹೊರಟಿದ್ದರು.

ಪ್ರತಿವಾದಿಗಳಿಗೆ ಲಿಖಿತ ಹೇಳಿಕೆ ತಿದ್ದುವಾಗ ಇನ್ನಷ್ಟು ಸಡಿಲ ಇದೆ, ಹೊಸ ರಕ್ಷಣೆ ಸೇರಿಸಬಹುದು. ಆದರೆ ಒಮ್ಮೆ ಸ್ಪಷ್ಟವಾಗಿ ಒಪ್ಪಿಕೊಂಡದ್ದನ್ನು ಅಳಿಸಿಹಾಕಿ ವಾದಿಯನ್ನು ನಡುನೀರಿನಲ್ಲಿ ಬಿಡಲು ಕೋರ್ಟ್ ಒಪ್ಪುವುದಿಲ್ಲ.

ಅರ್ಜಿ ಒಪ್ಪಿದ ಮೇಲೂ ಕೆಲಸ ಬಾಕಿ ಇರುತ್ತದೆ. ಆದೇಶದಲ್ಲಿ ಅವಧಿ ಹೇಳದಿದ್ದರೆ 14 ದಿನದೊಳಗೆ ಮೂಲ ವಾದಪತ್ರದಲ್ಲೇ ತಿದ್ದುಪಡಿ ಬರೆಯಬೇಕು. ಆ ದಿನ ದಾಟಿದರೆ ಕೋರ್ಟಿನಿಂದ ಕಾಲಾವಕಾಶ ಪಡೆಯದೆ ತಿದ್ದುವಂತಿಲ್ಲ. ಕೋರ್ಟ್ ಹಾಕಿದ ಖರ್ಚು ಎರಡು ಸಾವಿರ ಕಟ್ಟಿ, ಮೌಲ್ಯಮಾಪನ ಪಟ್ಟಿ ಬದಲಿಸಿ, ಹೆಚ್ಚುವರಿ ಕೋರ್ಟ್ ಶುಲ್ಕ ತುಂಬಿ, ಷೆಡ್ಯೂಲಿಗೆ ಸರ್ವೆ ಸ್ಕೆಚ್ ಪ್ರಕಾರ ಒಂಬತ್ತು ಗುಂಟೆಯ ಚಕ್ಕುಬಂದಿ ಸೇರಿಸುವಷ್ಟರಲ್ಲಿ ಹನ್ನೆರಡನೇ ದಿನ. ಆಮೇಲೆ ಎದುರಿನವರ ಹೆಚ್ಚುವರಿ ಹೇಳಿಕೆ, ಕೋರ್ಟ್ ತೀರ್ಮಾನಿಸಬೇಕಾದ ಎರಡು ಹೊಸ ಇಶ್ಯೂ, ನಮ್ಮವರು ಮತ್ತೆ ಕಟಕಟೆಗೆ. ಈ ಸಲ ಅವರಿಗೆ ಮೊದಲೇ ಹೇಳಿಟ್ಟಿದ್ದೆ: "ತೋಟದಲ್ಲಿ ಏನೇ ಆಗಲಿ, ಅವತ್ತೇ ಸಂಜೆ ಫೋನ್ ಮಾಡಿ." ಈಗ ಹಂದಿ ತೋಟಕ್ಕೆ ನುಗ್ಗಿದರೂ ಫೋನ್ ಬರುತ್ತದೆ.