ಜಪಾನಿನವರಿಗೆ ದೂರ-ಹತ್ತಿರ ಬರೆಯೋಕೆ ಬರ್ತಿರ್ಲಿಲ್ವಾ?

ಪ್ರಶ್ನೆ: ಸರ್, ದೆಗಾ, ಮೇರಿ ಕಸಾಟ್, ವ್ಯಾನ್ ಗಾಗ್ ಅನ್ನೋ ಚಿತ್ರಕಾರರೆಲ್ಲಾ ಜಪಾನಿನ ಮರದಚ್ಚಿನ ಚಿತ್ರಗಳಿಂದ ಕಲಿತ್ರು ಅಂತೀರಲ್ಲ, ಆದ್ರೆ ಜಪಾನಿನವರಿಗೆ ಪರ್ಸ್ಪೆಕ್ಟಿವ್ವೇ ಗೊತ್ತಿರ್ಲಿಲ್ಲ, ಅದಕ್ಕೇ ಅವರ ಚಿತ್ರ ಚಪ್ಪಟೆ ಅಂತ ಓದಿದೀನಿ. ಗೊತ್ತಿಲ್ಲದೋರ ಹತ್ರ ಯುರೋಪಿನವರು ಕಲಿಯೋದಾದ್ರೂ ಏನು?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದೀನೋ ಲೆಕ್ಕ ಇಲ್ಲ, ಬರೆದಷ್ಟೂ ಮತ್ತೆ ಬರುತ್ತೆ. ಆದ್ರೂ ಇದರೊಳಗಿರೋ ತಪ್ಪು ಒಂದೇ ಒಂದು, ಅದನ್ನ ಕಿತ್ತು ಹಾಕಿದ್ರೆ ಉಳಿದದ್ದೆಲ್ಲ ತಾನೇ ಸರಿಹೋಗುತ್ತೆ, ಹಾಗಾಗಿ ಈ ಸಲ ಪೂರ್ತಿ ಬರೀತೀನಿ.

ರೈಲು ಹಳಿ ದೂರ ಹೋಗ್ತಾ ಹೋಗ್ತಾ ಒಂದು ಚುಕ್ಕೀಲಿ ಸೇರೋ ಹಾಗೆ ಬರೆಯೋದನ್ನ ಡ್ರಾಯಿಂಗ್ ಕ್ಲಾಸಲ್ಲಿ ನಾವೆಲ್ಲ ಮಾಡಿದೀವಿ, ಪರ್ಸ್ಪೆಕ್ಟಿವ್ ಅಂದ್ರೆ ಅದೇ. ಜಪಾನಿನ ಅಚ್ಚಿನ ಚಿತ್ರಕಾರರಿಗೆ ಅದು ಗೊತ್ತಿತ್ತು. ಚೆನ್ನಾಗೇ ಗೊತ್ತಿತ್ತು, ಅದೂ ದೆಗಾ ಹುಟ್ಟೋಕೆ ಸುಮಾರು ತೊಂಬತ್ತು ವರ್ಷ ಮೊದಲಿಂದ. 1740ರ ದಶಕದಲ್ಲೇ ಒಕುಮುರ ಮಸನೊಬು ಅನ್ನೋನು ಎಡೊ ನಗರದ (ಅಂದ್ರೆ ಈಗಿನ ಟೋಕಿಯೊ) ನಾಟಕಶಾಲೆ ಒಳಗಿನ ನೋಟಗಳನ್ನ ಬರೆದ, ತೊಲೆ, ಕಂಬ, ಜನ ಕೂರೋ ಕಟ್ಟೆ ಎಲ್ಲಾ ಗೆರೆನೂ ಒಳಗಡೆ ಓಡಿ ಹೋಗಿ ಸೇರುತ್ವೆ. ಈ ತರದ ಚಿತ್ರಕ್ಕೆ ಅಲ್ಲಿ 'ಉಕಿ-ಎ' ಅಂತ ಹೆಸರೇ ಇತ್ತು, ತೇಲೋ ಚಿತ್ರ ಅಂತ ಅರ್ಥ. ದೇಶ ಬಾಗಿಲು ಹಾಕ್ಕೊಂಡಿದ್ದ ಕಾಲ ಅದು ನಿಜ, ಆದ್ರೆ ನಾಗಸಾಕಿ ಪಕ್ಕದ ಡೆಜಿಮಾ ದ್ವೀಪದಲ್ಲಿ ಡಚ್ಚರ ವ್ಯಾಪಾರ ನಡೀತಾನೇ ಇತ್ತು, ಪಶ್ಚಿಮದ ಚಿತ್ರಗಳು ಒಳಗೆ ಬರ್ತಾನೇ ಇದ್ವು. ಮುಂದೆ ಉತಗವ ತೊಯೊಹರು ಅನ್ನೋನು ವೆನಿಸ್ಸಿನ ಗ್ರ್ಯಾಂಡ್ ಕೆನಾಲಿನ ಒಂದು ಎನ್‌ಗ್ರೇವಿಂಗನ್ನ, ಅಂದ್ರೆ ಲೋಹದ ತಗಡಿಂದ ತೆಗೆದ ಅಚ್ಚಿನ ಚಿತ್ರವನ್ನ, ಮರದಚ್ಚಿಗೆ ಇಳಿಸಿ, ಇದು ಡಚ್ಚರ ಬಂದರು ಅಂತ ತಲೆಬರಹ ಕೊಟ್ಟ. ಊರು ತಪ್ಪು, ಗೆರೆ ಮಾತ್ರ ಸರಿಯಾಗಿ ಚುಕ್ಕೀಗೆ ಸೇರ್ತಿತ್ತು.

ಬಣ್ಣದ ಕಥೆಯೂ ಹಾಗೇ. ಹೊಕುಸಾಯ್, ಹಿರೋಶಿಗೆ ಅನ್ನೋ ಹೆಸರಾಂತ ಅಚ್ಚಿನ ಚಿತ್ರಕಾರರ ಚಿತ್ರಗಳಲ್ಲಿ ಆ ಗಾಢ ನೀಲಿ ಇದ್ಯಲ್ಲ, ಎಲ್ಲರೂ ಅಪ್ಪಟ ಜಪಾನಿ ಬಣ್ಣ ಅಂತಾರಲ್ಲ, ಅದು ಪ್ರಷ್ಯನ್ ಬ್ಲೂ. ಬರ್ಲಿನ್ನಲ್ಲಿ ಹುಟ್ಟಿದ್ದು, ಜಪಾನಿನಲ್ಲಿ ಅದನ್ನ ಕರೀತಿದ್ದೇ 'ಬೆರೊ' ಅಂತ, ಬರ್ಲಿನ್ ಅನ್ನೋ ಹೆಸರೇ ಹಾಗಾಗಿದ್ದು. 1830ರ ಹೊತ್ತಿಗೆ ಅಗ್ಗವಾಗಿ ಸಿಗೋಕೆ ಶುರುವಾದ ಮೇಲೆ ಅಚ್ಚಿನ ಚಿತ್ರಗಳಲ್ಲಿ ಆಕಾಶ, ನೀರು ಎಲ್ಲಾ ಅದೇ.

ಇಷ್ಟು ಹೇಳಿದ್ರೂ ಕೆಲವರು ಒಪ್ಪಲ್ಲ, 'ಯಾರೋ ಒಬ್ಬಿಬ್ಬರಿಗೆ ಗೊತ್ತಿತ್ತು ಬಿಡಿ' ಅಂತಾರೆ. ಸರಿ, ಹಾಗಾದ್ರೆ ವ್ಯಾನ್ ಗಾಗ್ ಕಾಪಿ ಮಾಡಿದ ಹಿರೋಶಿಗೆಯನ್ನೇ ತಗೊಳ್ಳಿ. 1856ರಿಂದ 58ರವರೆಗೆ ಅವನು 'ಎಡೊದ ನೂರು ಪ್ರಸಿದ್ಧ ನೋಟಗಳು' ಅನ್ನೋ ಸರಣಿ ಮಾಡಿದ. ಅದರಲ್ಲಿ ಸರುವಕ-ಮಾಚಿ ಅನ್ನೋ ನಾಟಕದ ಬೀದಿಯ ರಾತ್ರಿ ನೋಟ ಒಂದಿದೆ. ಹುಣ್ಣಿಮೆ, ಎರಡೂ ಕಡೆ ಕಟ್ಟಡಗಳ ಸಾಲು, ಸೂರುಗಳ ಗೆರೆ ಎಲ್ಲಾ ಬೀದಿ ತುದೀಲಿ ಒಂದು ಕಡೆ ಸೇರುತ್ತೆ, ಮುಂದಿನ ಜನ ದೊಡ್ಡೋರು ಹಿಂದಿನೋರು ಚಿಕ್ಕೋರು, ಅಷ್ಟೇ ಅಲ್ಲ, ನಡೀತಿರೋ ಪ್ರತಿಯೊಬ್ಬರ ಕಾಲ ಕೆಳಗೂ ಬೆಳದಿಂಗಳ ನೆರಳು ಬಿದ್ದಿದೆ. ಜಪಾನಿನ ಅಚ್ಚಲ್ಲಿ ನೆರಳು ಬರೆಯೋದು ಅಪರೂಪ, ಇವನು ಬೇಕು ಅಂತ ಬರೆದಿದಾನೆ. ಯುರೋಪಿನ ಯಾವ ಮೇಷ್ಟ್ರೂ ಇದನ್ನ ತಿದ್ದೋ ಹಾಗಿಲ್ಲ.

ಈಗ ಅದೇ ಸರಣಿಯ 1858ರ ಇನ್ನೊಂದು ಹಾಳೆ ನೋಡಿ, ಹನೆದಾ ದೋಣಿ ದಾಟುವ ಜಾಗ. ತೆರೆದ ತಕ್ಷಣ ಕಾಣೋದು ಅಂಬಿಗನ ರೋಮ ತುಂಬಿದ ಕಾಲು, ತೋಳು. ತಲೆ ಇಲ್ಲ, ಮೈ ಇಲ್ಲ, ಎಲ್ಲಾ ಹಾಳೆ ಅಂಚಿಂದ ಆಚೆ. ಬಲಗಡೆ ಕೆಳಗೆ ಯಾರದೋ ಕೊಡೆಯ ಒಂದು ಚೂರು. ಆ ಕಾಲುಗಳ ಸಂದಿಂದ ದೂರದಲ್ಲಿ ನೀರು, ಬೆಂಟೆನ್ ದೇವಿಯ ಗುಡಿ ಇರೋ ದಡ. ನೋಡ್ತಿರೋ ನಾವು ದೋಣಿ ಒಳಗೇ ಕೂತಿದೀವಿ ಅನ್ನೋದು ಆ ಕತ್ತರಿಸಿದ ಕಾಲಿಂದಾನೇ ಗೊತ್ತಾಗೋದು.

ಒಬ್ಬನೇ ಮನುಷ್ಯ, ಎರಡೇ ವರ್ಷದ ಅಂತರ, ಒಂದೇ ಸರಣಿ. ಬೀದಿಯನ್ನ ಅಳತೆ ಹಿಡಿದು ಬರೆದ ಕೈಯೇ ದೋಣಿಯನ್ನ ಹಿಂಗೆ ಕತ್ತರಿಸಿದ್ದು. ಬರಲ್ಲ ಅಂತ ಬಿಟ್ಟಿದ್ದಲ್ಲ, ಇಲ್ಲಿ ಬೇಡ ಅಂತ ಬಿಟ್ಟಿದ್ದು. ದಯವಿಟ್ಟು ಇದೊಂದನ್ನ ನೆನಪಿಟ್ಕೊಳ್ಳಿ.

ಯಾಕೆ ಬೇಡ ಅಂತ ಕೇಳಿದ್ರೆ ಅದಕ್ಕೆ ಹಾಳೆಯ ಆಕಾರಾನೂ ಒಂದು ಕಾರಣ. ಊರು-ಕೇರಿ ನೋಟಗಳನ್ನ ಸಾಮಾನ್ಯವಾಗಿ ಅಡ್ಡ ಹಾಳೇಲಿ ಮಾಡ್ತಿದ್ರು, ಹಿರೋಶಿಗೆ ಈ ಸರಣಿಗೆ ಹಾಳೆ ಉದ್ದಕ್ಕೆ ನಿಲ್ಲಿಸ್ಕೊಂಡ, ಸುಮಾರು 36 ಸೆಂಟಿಮೀಟರ್ ಎತ್ತರ, 25 ಅಗಲ. ಅಷ್ಟು ಅಗಲದಲ್ಲಿ ನದಿ ದಡ ಪೂರ್ತಿ ಹಿಡಿಸಲ್ಲ. ಹಾಗಾಗಿ ಮುಂದೆ ಒಂದು ದೊಡ್ಡ ವಸ್ತು ಅರ್ಧ ಕತ್ತರಿಸಿ ಇಟ್ಟ, ದೂರದ್ದನ್ನ ಚಿಕ್ಕದಾಗಿ ಇಟ್ಟ, ಮಧ್ಯದ ಜಾಗವನ್ನ ಪೂರ್ತಿ ನುಂಗಿಬಿಟ್ಟ. ಯುರೋಪಿನ ಆರ್ಟ್ ಸ್ಕೂಲಲ್ಲಿ ಮುಂದಿನದ್ದು, ನಡುವಿನದ್ದು, ಹಿಂದಿನದ್ದು ಅಂತ ಮೆಟ್ಟಿಲು ಹತ್ತಿದ ಹಾಗೆ ಕಣ್ಣನ್ನ ಒಳಗೆ ಕರ್ಕೊಂಡು ಹೋಗ್ಬೇಕು ಅಂತ ಕಲಿಸ್ತಿದ್ರು. ಇಲ್ಲಿ ನಡುವಿನ ಮೆಟ್ಟಿಲೇ ಇಲ್ಲ, ಕಣ್ಣು ಹಾರಲೇಬೇಕು. ಪ್ಯಾರಿಸ್ಸಿನವರಿಗೆ ಹೊಸದಾಗಿ ಕಂಡಿದ್ದು ಇದು.

ಇದನ್ನ ದೆಗಾ ಹೆಂಗೆ ಉಪಯೋಗಿಸ್ದ ನೋಡೋಣ, ಅಂಬಿಗನ ಕಾಲನ್ನ ಕಾಪಿ ಮಾಡಿಲ್ಲ ಅವನು. 1875-76ರ 'ಅಬ್ಸಿಂತ್' ಅನ್ನೋ ಚಿತ್ರ, ಅಬ್ಸಿಂತ್ ಅಂದ್ರೆ ಒಂದು ತರದ ಮದ್ಯ, ಪ್ಯಾರಿಸ್ಸಿನ ಒಂದು ಕೆಫೆ, ಒಬ್ಬ ಹೆಂಗಸು ಮುಂದೆ ಗ್ಲಾಸಿಟ್ಕೊಂಡು ಮಂಕಾಗಿ ಕೂತಿದಾಳೆ, ಪಕ್ಕದಲ್ಲಿ ಒಬ್ಬ ಗಡ್ಡದ ಗಂಡಸು. ಮೊದಲು ಕಣ್ಣಿಗೆ ಬೀಳೋದು ಇವರಲ್ಲ. ಕೆಳಗಡೆ ಎಡ ಮೂಲೇಲಿ ಖಾಲಿ ಟೇಬಲ್ಲು, ಅದರಿಂದ ಇನ್ನೊಂದು ಟೇಬಲ್ಲಿಗೆ ಸೇತುವೆ ಹಾಕಿದ ಹಾಗೆ ಒಂದು ಪೇಪರ್ರು, ಹಿಂಗೆ ಅಂಕುಡೊಂಕಾಗಿ ಹೋಗಿ ಆಮೇಲೆ ಆ ಇಬ್ಬರು ಸಿಗ್ತಾರೆ, ಅವರನ್ನೂ ಬಲಗಡೆಗೆ ತಳ್ಳಿದಾನೆ, ಗಂಡಸಿನ ಕೈ, ಪೈಪು ಚೌಕಟ್ಟಿಗೆ ತಗಲಿ ಕತ್ತರಿಸಿಹೋಗಿದೆ. ಟೇಬಲ್ಲುಗಳ ಕಾಲು ಹುಡುಕಿ. ಇಲ್ಲ. ಹಲಗೆ ಮಾತ್ರ ಗಾಳೀಲಿ ನಿಂತಿದೆ. ನಾನು ಪಾಠ ಮಾಡುವಾಗ ಆ ಎಡಗಡೆ ಟೇಬಲ್ಲನ್ನ ಕೈಯಿಂದ ಮುಚ್ಚಿ ತೋರಿಸ್ತೀನಿ, ಮುಚ್ಚಿದ ತಕ್ಷಣ ಅದು ಕುಡುಕರ ಚಿತ್ರ ಅಷ್ಟೇ, ತೆಗೆದ್ರೆ ನಾವೂ ಅದೇ ಕೆಫೇಲಿ ಪಕ್ಕದ ಟೇಬಲ್ಲಲ್ಲಿ ಕೂತು ಕದ್ದು ನೋಡ್ತಿರೋ ಹಾಗೆ ಆಗುತ್ತೆ. ದೋಣಿಯ ಉಪಾಯವೇ ಇದು. ಆ ದೋಣಿ ಹಾಳೆ ನೋಡಿಯೇ ದೆಗಾ ಈ ಚಿತ್ರ ಮಾಡಿದ ಅಂತ ನಾನು ಹೇಳ್ತಿಲ್ಲ, ಹಾಗೆ ಒಂದಕ್ಕೊಂದು ಗಂಟು ಹಾಕೋದು ತಪ್ಪು. ಅವನು ಜಪಾನಿನ ಅಚ್ಚುಗಳನ್ನ ಸಂಗ್ರಹಿಸಿದ್ದ, ಬೇರೆಬೇರೆ ಚಿತ್ರಗಳಿಂದ ಆ ಲೆಕ್ಕಾಚಾರವನ್ನ ಒಳಗೆ ಇಳಿಸ್ಕೊಂಡಿದ್ದ.

ಫೋಟೋ ನೋಡಿ ಕಲಿತಿದ್ದಲ್ವಾ ಅಂತಲೂ ಕೇಳ್ತಾರೆ. ಫೋಟೋದ ಪಾಲು ಇಲ್ವೇ ಇಲ್ಲ ಅನ್ನಲ್ಲ, ಆದ್ರೆ ಎಲ್ಲರ ಕೈಗೆ ಸಿಕ್ಕಿ ಅಡ್ಡಾದಿಡ್ಡಿ ಕತ್ತರಿಸೋ ಕೊಡ್ಯಾಕ್ ಕ್ಯಾಮೆರಾ ಬಂದಿದ್ದು 1888ರಲ್ಲಿ, ಈ ಕೆಫೆ ಚಿತ್ರ ಅದಕ್ಕೆ ಹನ್ನೆರಡು ವರ್ಷ ಮೊದಲಿಂದು.

ಚಪ್ಪಟೆ ಬಣ್ಣಕ್ಕೆ ಬರೋಣ. ಅದು ಕೆಲಸದ ಕ್ರಮದಿಂದಲೇ ಹುಟ್ಟಿದ್ದು. ಚಿತ್ರಕಾರ ತೆಳು ಕಾಗದದ ಮೇಲೆ ಬರೆದದ್ದನ್ನ ಚೆರಿ ಮರದ ಹಲಗೆ ಮೇಲೆ ಬೋರಲಾಗಿ ಅಂಟಿಸ್ತಾರೆ, ಕೆತ್ತೋನು ಗೆರೆ ಉಳಿಸಿ ಮಿಕ್ಕಿದ್ದು ತೆಗೀತಾನೆ, ಆಮೇಲೆ ಬಣ್ಣಬಣ್ಣಕ್ಕೂ ಬೇರೆ ಹಲಗೆ. ಮೂಲೇಲಿ ಕೆತ್ತಿರೋ ಗುರುತಿಗೆ ಕಾಗದ ಕೂರಿಸಿ ಬೆನ್ನ ಮೇಲೆ ಉಜ್ಜಿದ್ರೆ ನೀರಿನ ಬಣ್ಣವನ್ನ ಕಾಗದ ಹೀರ್ಕೊಳ್ಳುತ್ತೆ. ಹಲಗೆ ಮೇಲೆ ಬಣ್ಣ ಒರೆಸಿ ಆಕಾಶಕ್ಕೆ ಏರಿಳಿತ ಕೊಡ್ತಿದ್ರು, ಆದ್ರೆ ಒಂದು ಕಿಮೋನೋಗೆ ಎಣ್ಣೆಬಣ್ಣದ ಹಾಗೆ ಹತ್ತು ಛಾಯೆ ಬೇಕಂದ್ರೆ ಹತ್ತು ಹಲಗೆ ಕೆತ್ತಬೇಕು, ಯಾರು ಕೆತ್ತುತಾರೆ? ಹಾಗಾಗಿ ಮೈಯ ಉಬ್ಬುತಗ್ಗನ್ನ ನೆರಳಿಂದ ತೋರಿಸೋದು ಬಿಟ್ಟು ಗೆರೆಯಿಂದ ತೋರಿಸಿದ್ರು.

ಇದನ್ನ ಪ್ಯಾರಿಸ್ಸಲ್ಲಿ ಕೂತು ಕಷ್ಟಪಟ್ಟು ಕಲಿತೋಳು ಅಮೆರಿಕದ ಮೇರಿ ಕಸಾಟ್, ನನಗೆ ಬಹಳ ಇಷ್ಟದ ಕಲಾವಿದೆ. 1890ರಲ್ಲಿ ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಅನ್ನೋ ಆರ್ಟ್ ಸ್ಕೂಲಲ್ಲಿ ಜಪಾನಿನ ಅಚ್ಚುಗಳ ದೊಡ್ಡ ಪ್ರದರ್ಶನ ನಡೀತು, ಏಳುನೂರಕ್ಕೂ ಜಾಸ್ತಿ ಚಿತ್ರ, ನೋಡಿ ಬಂದು ಚಿತ್ರಕಾರ್ತಿ ಗೆಳತಿ ಬೆರ್ತ್ ಮೊರಿಸೊಗೆ, ನೀನೂ ಬಂದು ನೋಡಲೇಬೇಕು, ತಾಮ್ರದ ಮೇಲೆ ಬಣ್ಣ ಬಿಟ್ರೆ ನಂಗೆ ಬೇರೇನೂ ತಲೇಲಿಲ್ಲ ಅನ್ನೋ ಅರ್ಥದಲ್ಲಿ ಪತ್ರ ಬರೆದಳು. ಮರ ಅವಳು ಮುಟ್ಟಲಿಲ್ಲ, ತಾಮ್ರದ ತಗಡೇ. ತಗಡಿನ ಮೇಲೆ ರಾಳದ ಪುಡಿ ಕೂರಿಸಿ ಆಸಿಡ್ಡಿಗೆ ಹಾಕಿದ್ರೆ ಸಣ್ಣ ಸಣ್ಣ ತೂತು ಬಿದ್ದು ಮಸಿ ಹಿಡಿದು ಸಮನಾದ ಬಣ್ಣ ಕೊಡುತ್ತೆ, ಅಕ್ವಾಟಿಂಟ್ ಅಂತಾರೆ. ಗೆರೆಗೆ ಸೂಜಿಯಿಂದ ನೇರ ಗೀರೋದು. ಒಂದು ಚಿತ್ರಕ್ಕೆ ಎರಡು ಮೂರು ತಗಡು, ಒಂದೊಂದು ತಗಡಿಗೂ ಬೇರೆಬೇರೆ ಜಾಗದಲ್ಲಿ ಬೇರೆ ಬಣ್ಣವನ್ನ ಬಟ್ಟೆ ಉಂಡೆಯಿಂದ ಕೈಯಲ್ಲೇ ಹಚ್ಚಬೇಕು, ಪ್ರತಿ ಸಲ ಮೊದಲಿಂದ. ಅವಳೂ ಅಚ್ಚು ಹಾಕೋನೂ ಇಡೀ ದಿನ ದುಡಿದ್ರೆ ಎಂಟೋ ಹತ್ತೋ ಪ್ರತಿ. ಹತ್ತು ಚಿತ್ರ ಮಾಡಿದಳು, ಒಂದೊಂದಕ್ಕೂ 25 ಪ್ರತಿ.

ಅದರಲ್ಲಿ ಒಂದು 'ಓಮ್ನಿಬಸ್ಸಿನಲ್ಲಿ'. ಕಿಟಕಿ ಆಚೆ ನದಿ, ಸೇತುವೆ, ಒಳಗೆ ಬೆಂಚಿನ ಮೇಲೆ ಒಬ್ಬ ತಾಯಿ, ಮಗು ಎತ್ಕೊಂಡಿರೋ ಆಯಾ. ಮೊದಲ ಡ್ರಾಯಿಂಗ್ನಲ್ಲಿ ತಾಯಿ ಪಕ್ಕ ಒಬ್ಬ ಗಂಡಸೂ ಕೂತಿದ್ದ. ಅಚ್ಚಿಗೆ ಹೋಗುವಾಗ ಅವನನ್ನ ತೆಗೆದುಬಿಟ್ಟು ಆ ಸೀಟನ್ನ ಖಾಲಿ ಬಿಟ್ಟಳು. ತಾಯಿ ಆ ಖಾಲಿ ಕಡೆಗೇ ನೋಡ್ತಿದಾಳೆ. ಬಟ್ಟೆಗಳಲ್ಲಿ ನೆರಳಿಲ್ಲ, ಒಂದೇ ಬಣ್ಣದ ಹರವು, ಸುತ್ತ ತೆಳು ಗೆರೆ, ಆದ್ರೂ ತೊಡೆ ಮೇಲಿನ ಮಗು ಭಾರವಾಗಿದೆ ಅನ್ನಿಸುತ್ತೆ. ಗೆರೆ ಒಂದರಿಂದಾನೇ ಅಷ್ಟು ಮಾಡೋದು ಹುಡುಗಾಟ ಅಲ್ಲ.

ಯಾರೂ ಕೇಳದೇ ಇದ್ರೂ ಇನ್ನೊಂದು ಮಾತು ಹೇಳ್ಬೇಕು, ಯಾಕಂದ್ರೆ ಜಪಾನ್ ಪ್ರಭಾವ ಅಂದ ತಕ್ಷಣ ಎಲ್ಲರೂ ತೋರಿಸೋದು ಕಿಮೋನೋ, ಬೀಸಣಿಗೆ ಇರೋ ಚಿತ್ರಾನ. ಫ್ರಾನ್ಸಿನ ಚಿತ್ರಕಾರ ಮೊನೆ 1876ರಲ್ಲಿ ತನ್ನ ಹೆಂಡತಿ ಕಮೀಯ್‌ಗೆ ಕೆಂಪು ಕಿಮೋನೋ ಉಡಿಸಿ, ಕೈಗೆ ಬೀಸಣಿಗೆ ಕೊಟ್ಟು, ಹಿಂದಿನ ಗೋಡೆ ತುಂಬಾ ಬೀಸಣಿಗೆ ಅಂಟಿಸಿ ಆಳೆತ್ತರಕ್ಕೂ ದೊಡ್ಡ ಚಿತ್ರ ಮಾಡಿದ. ಅದನ್ನ ರಚನೆ ಕಣ್ಣಿಂದ ನೋಡಿ. ಆಕೆ ನಡುವಲ್ಲಿ ನಿಂತಿದಾಳೆ, ತಲೆಯಿಂದ ಕಾಲಡಿವರೆಗೆ ಪೂರ್ತಿ, ಯಾವ ಅಂಚೂ ಅವಳನ್ನ ಮುಟ್ಟಿಲ್ಲ, ಕಿಮೋನೋದ ಮಡಿಕೆಗೆಲ್ಲ ಬೆಳಕು-ನೆರಳು. ಯುರೋಪಿನ ಹಳೇ ಭಾವಚಿತ್ರದ ಪದ್ಧತಿ ಅದು, ಸಾಮಾನು ಮಾತ್ರ ಜಪಾನಿನದು. ಹೆಚ್ಚುಕಮ್ಮಿ ಅದೇ ತಿಂಗಳುಗಳಲ್ಲಿ ದೆಗಾ ಆ ಕೆಫೆ ಚಿತ್ರ ಮುಗಿಸ್ತಿದ್ದ, ಅದರಲ್ಲಿ ಜಪಾನಿನ ವಸ್ತು ಒಂದೂ ಇಲ್ಲ, ಇರೋದು ಗ್ಲಾಸು, ಪೇಪರ್ರು, ಕಾಲಿಲ್ಲದ ಟೇಬಲ್ಲು.