ಅರ್ಧಕ್ಕೆ ನಿಂತ ಅಪ್‌ಡೇಟ್‌ನಿಂದ ಕೀಬೋರ್ಡ್ ನಿಜಕ್ಕೂ ಸಾಯುತ್ತದೆಯೇ?

1981ರಲ್ಲಿ ಐಬಿಎಂ ಪಿಸಿ ಜೊತೆ ಬಂದ ಕೀಬೋರ್ಡಿನೊಳಗೂ ಒಂದು ಪುಟ್ಟ ಕಂಪ್ಯೂಟರ್ ಇತ್ತು, ಇಂಟೆಲ್ 8048 ಚಿಪ್. ಒತ್ತಿದ ಕೀ ಯಾವುದು ಎಂದು ಪಿಸಿಗೆ ಹೇಳುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್, ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಅಚ್ಚಾಗಿ ಬರುತ್ತಿತ್ತು. ಅದನ್ನು ತಿದ್ದುವ ದಾರಿಯೇ ಇರಲಿಲ್ಲ. ಹಾಗಾಗಿ ಅಪ್‌ಡೇಟ್ ಕೆಟ್ಟುಹೋಗುವ ಭಯವೂ ಇರಲಿಲ್ಲ.

ಯುಎಸ್‌ಬಿ ಬಂದ ಮೇಲೆ, ಅಳಿಸಿ ಬರೆಯಬಹುದಾದ ಫ್ಲ್ಯಾಶ್ ಮೆಮೊರಿ ಕೀಬೋರ್ಡಿಗೂ ಬಂತು. ಆಪಲ್ ತನ್ನ ಅಲ್ಯೂಮಿನಿಯಂ ಕೀಬೋರ್ಡಿಗೆ ಫರ್ಮ್‌ವೇರ್ ಅಪ್‌ಡೇಟ್ ಕೊಟ್ಟಿತು. ಕೆ. ಚೆನ್ ಎಂಬ ಸಂಶೋಧಕ ಅದನ್ನು ಬಿಡಿಸಿ ನೋಡಿ, 2009ರ ಬ್ಲ್ಯಾಕ್ ಹ್ಯಾಟ್ ಭದ್ರತಾ ಸಮ್ಮೇಳನದಲ್ಲಿ ಅದೇ ದಾರಿಯಲ್ಲಿ ತನ್ನ ಕೋಡನ್ನೂ ಒಳಗೆ ಕಳಿಸಬಹುದು ಎಂದು ತೋರಿಸಿದರು. ಆ ಕೀಬೋರ್ಡಿನಲ್ಲಿ ಇದ್ದದ್ದು ಬರೀ 8 ಕಿಲೋಬೈಟ್ ಫ್ಲ್ಯಾಶ್. ಒತ್ತಿದ ಕೀಗಳನ್ನು ಕದ್ದು ನೆನಪಿಟ್ಟುಕೊಳ್ಳಲು ಅಷ್ಟೇ ಸಾಕಾಯಿತು. ಗೊತ್ತಿಲ್ಲದ ಜಾಗದಿಂದ ಫರ್ಮ್‌ವೇರ್ ಇಳಿಸಿಕೊಳ್ಳಬೇಡಿ ಅನ್ನುವುದು ಸುಮ್ನೆ ಹೇಳುವ ಮಾತಲ್ಲ.

ಆದರೆ ಜನರಿಗೆ ಜಾಸ್ತಿ ಭಯ ಇರುವುದು ಕಳ್ಳತನದ್ದಲ್ಲ, ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಏನು ಗತಿ ಅನ್ನುವುದರದ್ದು. ಇದಕ್ಕೆ ಉತ್ತರ ಬೂಟ್‌ಲೋಡರ್‌ನಲ್ಲಿದೆ. ಹೊಸ ಫರ್ಮ್‌ವೇರನ್ನು ಬರಮಾಡಿಕೊಂಡು ಫ್ಲ್ಯಾಶ್‌ಗೆ ಬರೆಯುವ ಚಿಕ್ಕ ಪ್ರೋಗ್ರಾಂ ಅದು. ಹವ್ಯಾಸಿಗಳು ಕಟ್ಟುವ ಕೀಬೋರ್ಡುಗಳಲ್ಲಿ ವರ್ಷಗಟ್ಟಲೆ ಮೆರೆದ ATmega32U4 ಚಿಪ್ಪನ್ನೇ ನೋಡಿ. ಇದರಲ್ಲಿ 32 ಕಿಲೋಬೈಟ್ ಫ್ಲ್ಯಾಶ್ ಇದೆ. ಕೊನೆಯ 4 ಕಿಲೋಬೈಟ್‌ನಲ್ಲಿ ಚಿಪ್ ತಯಾರಕರ ಬೂಟ್‌ಲೋಡರ್ ಕೂತಿರುತ್ತದೆ. ಅಪ್‌ಡೇಟ್ ಮುಟ್ಟುವುದು ಮೊದಲ 28 ಕಿಲೋಬೈಟನ್ನು ಮಾತ್ರ. ಅಪ್‌ಡೇಟ್ ಮಾಡುವ ಕಮಾಂಡ್‌ಗಳು ಮೂರು: ಹಳೆಯದನ್ನು ಅಳಿಸುವುದು, ಹೊಸದನ್ನು ಬರೆಯುವುದು, ಚಿಪ್ಪನ್ನು ಮತ್ತೆ ಶುರುಮಾಡುವುದು.

```
dfu-programmer atmega32u4 erase --force
dfu-programmer atmega32u4 flash keymap.hex
dfu-programmer atmega32u4 reset
```

ಮೊದಲ ಸಾಲು ಮುಗಿದ ಕೂಡಲೇ ಕೇಬಲ್ ಕಿತ್ತುಬಂತು ಅಂದುಕೊಳ್ಳಿ. ಹಳೆಯದು ಅಳಿದಿದೆ, ಹೊಸದು ಬಂದಿಲ್ಲ. ಮತ್ತೆ ಸಿಕ್ಕಿಸಿದಾಗ ಚಿಪ್ ಖಾಲಿ ಜಾಗವನ್ನೆಲ್ಲ ಹಾಗೇ ದಾಟಿಕೊಂಡು ಹೋಗಿ ಕೊನೆಯಲ್ಲಿರುವ ಬೂಟ್‌ಲೋಡರ್‌ಗೆ ಬಂದು ನಿಲ್ಲುತ್ತದೆ. ಒಂದು ಕೀಯೂ ಕೆಲಸ ಮಾಡುವುದಿಲ್ಲ, ಲೈಟೂ ಇಲ್ಲ. ಆದರೆ ಲಿನಕ್ಸ್‌ನಲ್ಲಿ `lsusb` ಕೊಟ್ಟರೆ `03eb:2ff4` ಎಂಬ ಬೂಟ್‌ಲೋಡರ್‌ನ ಗುರುತಿರುವ ಸಾಲು ಕಾಣುತ್ತದೆ. ಕಂಡರೆ ಕೀಬೋರ್ಡ್ ಬದುಕಿದೆ ಎಂದರ್ಥ. ಮೊದಲ ಸಾಲಿನಿಂದಲೇ ಮತ್ತೆ ಶುರುಮಾಡಿ, ಹೊಸದಾಗಿ ಸಿಕ್ಕಿಸಿದ ಮೇಲೆ ಅಳಿಸದೆ ಬರೆಯಲು ಈ ಬೂಟ್‌ಲೋಡರ್ ಬಿಡುವುದಿಲ್ಲ.

ಬರೆಯುತ್ತಿರುವಾಗಲೇ ನಿಂತರೆ ಸ್ವಲ್ಪ ಕಷ್ಟ. ಮೊದಲ ಭಾಗ ಬಂದಿರುತ್ತದೆ, ಉಳಿದದ್ದು ಇರುವುದಿಲ್ಲ. ಚಿಪ್ ಆ ಅರೆಬರೆ ಪ್ರೋಗ್ರಾಮನ್ನೇ ಓಡಿಸಲು ಹೋಗಿ ದಿಕ್ಕುತಪ್ಪುತ್ತದೆ, ಬೂಟ್‌ಲೋಡರ್ ತನಕ ಬರುವುದೇ ಇಲ್ಲ. ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿಯೇ. ಎಸ್ಕೇಪ್ ಕೀ ಒತ್ತಿಕೊಂಡು ಕೇಬಲ್ ಸಿಕ್ಕಿಸಿದರೆ ಬೂಟ್‌ಲೋಡರ್ ತೆರೆಯುವ ಸೌಲಭ್ಯ ಹಲವು ಕೀಬೋರ್ಡುಗಳಲ್ಲಿದೆ. ಆದರೆ ಆ ಸೌಲಭ್ಯ ಇರುವುದು ಫರ್ಮ್‌ವೇರಿನಲ್ಲೇ. ಬೀಗದ ಕೈ ಮನೆಯೊಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಆಗ ಉಳಿಯುವುದು ಬೋರ್ಡಿನ ಮೇಲಿನ ರೀಸೆಟ್ ಬಟನ್. ಕೆಲವು ಮಾಡೆಲ್‌ಗಳಲ್ಲಿ ಅದು ಸ್ಪೇಸ್‌ಬಾರ್ ಕ್ಯಾಪ್ ಕೆಳಗಿರುತ್ತದೆ, ಕೆಲವದರಲ್ಲಿ ಸ್ಕ್ರೂ ಬಿಚ್ಚಿದರೆ ಮಾತ್ರ ಸಿಗುತ್ತದೆ. ಅಪ್‌ಡೇಟ್‌ಗೆ ಮೊದಲೇ ಅದು ಎಲ್ಲಿದೆ ಎಂದು ಹುಡುಕಿಡುವುದು ಜಾಣತನ.

ಇನ್ನೊಂದು ಕೀಬೋರ್ಡನ್ನೂ ಸಿಕ್ಕಿಸಿಡಿ. ಇಲ್ಲದಿದ್ದರೆ ಕಮಾಂಡ್ ಟೈಪ್ ಮಾಡುವುದು ಯಾವುದರಲ್ಲಿ, ಲಾಗಿನ್ ಪಾಸ್‌ವರ್ಡ್ ಹಾಕುವುದು ಯಾವುದರಲ್ಲಿ? ಯುಎಸ್‌ಬಿ ಹಬ್ ಬೇಡ, ನೇರವಾಗಿ ಪೋರ್ಟಿಗೇ ಹಾಕಿ. ಕೀಗಳ ಜೋಡಣೆ ಬದಲಾಯಿಸಿಕೊಂಡಿದ್ದರೆ ಅದನ್ನು ಫೈಲಾಗಿ ಉಳಿಸಿಕೊಳ್ಳಿ, ಅಪ್‌ಡೇಟ್ ಆದ ಮೇಲೆ ಅದು ಅಳಿದುಹೋಗುವುದುಂಟು. ಕನ್ನಡ ಟೈಪಿಂಗ್ ಬಗ್ಗೆ ಮಾತ್ರ ಚಿಂತೆ ಬೇಡ. ಕೀಬೋರ್ಡ್ ಕಳಿಸುವುದು ಕೀಯ ನಂಬರನ್ನಷ್ಟೇ. ಅದನ್ನು 'ಕ' ಮಾಡುವ ಕೆಲಸ ಕಂಪ್ಯೂಟರಿನದು.

2021ರಲ್ಲಿ ಬಂದ RP2040 ಚಿಪ್ ಈ ತಲೆನೋವನ್ನು ಹೆಚ್ಚುಕಡಿಮೆ ಮುಗಿಸಿತು. ಇದರ ಬೂಟ್‌ಲೋಡರ್ ಚಿಪ್ಪಿನೊಳಗೇ ಅಚ್ಚಾಗಿದೆ, 8048ರ ಪ್ರೋಗ್ರಾಮಿನ ಹಾಗೆ. ಬೂಟ್ ಬಟನ್ ಒತ್ತಿಕೊಂಡು ಸಿಕ್ಕಿಸಿದರೆ `RPI-RP2` ಎಂಬ ಡ್ರೈವ್ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಅದಕ್ಕೆ ಫೈಲ್ ಕಾಪಿ ಮಾಡಿದರೆ ಸಾಕು. ಕಾಪಿ ಅರ್ಧಕ್ಕೆ ನಿಂತರೆ ಮತ್ತೆ ಅದೇ ಬಟನ್, ಮತ್ತೆ ಅದೇ ಕಾಪಿ.

ಹಾಗಾದರೆ ಕೀಬೋರ್ಡ್ ಸಾಯುವುದೇ ಇಲ್ಲವೇ? ಫ್ಲ್ಯಾಶ್‌ನಲ್ಲಿರುವ ಬೂಟ್‌ಲೋಡರೇ ಅಳಿದರೆ ಯುಎಸ್‌ಬಿಯಲ್ಲಿ ಕೀಬೋರ್ಡಿನ ಸುಳಿವೇ ಸಿಗುವುದಿಲ್ಲ. ಮೇಲೆ ಹೇಳಿದ ಮೂರು ಕಮಾಂಡ್‌ಗಳಿಂದ ಹಾಗಾಗುವುದಿಲ್ಲ. ಬೂಟ್‌ಲೋಡರನ್ನೇ ಬದಲಾಯಿಸಲು ಹೋಗಿ ಎಡವಿದಾಗ ಆಗಬಹುದು. ಆಗಲೂ ATmega32U4ಗೆ ದಾರಿಯಿದೆ. ಕೇಸ್ ಬಿಚ್ಚಿ, ಒಂದು ಆರ್ಡುಯಿನೋ ಬೋರ್ಡನ್ನು ಪ್ರೋಗ್ರಾಮರ್ ಮಾಡಿಕೊಂಡು, ಆರು ವೈರ್‌ಗಳನ್ನು ಚಿಪ್ಪಿನ ಪಿನ್‌ಗಳಿಗೆ ಜೋಡಿಸಿ ಬೂಟ್‌ಲೋಡರನ್ನು ಮತ್ತೆ ಬರೆಯಬೇಕು. ಬೆಸುಗೆ ಹಾಕುವ ಕೈ ಪಳಗಿರಬೇಕು ಅಷ್ಟೇ.