ಡಾಲರ್ ಏರಿದರೆ ಎಣ್ಣೆ ಟಿನ್ನಿಗೆ ಬೇಗ ಬಿಸಿ, ಪೆಟ್ರೋಲ್ ಬಂಕಿಗೆ ಯಾಕಿಲ್ಲ?

2025ರ ಮೇ 30ರಂದು ಕೇಂದ್ರ ಸರ್ಕಾರ ಕಚ್ಚಾ ಖಾದ್ಯ ತೈಲದ ಆಮದು ಸುಂಕ ಇಳಿಸಿತು. ಮೂಲ ಸುಂಕ ಶೇ 20ರಿಂದ ಶೇ 10ಕ್ಕೆ ಬಂತು. ಸೆಸ್, ಸರ್‌ಚಾರ್ಜ್ ಎಲ್ಲ ಸೇರಿಸಿದರೆ ಒಟ್ಟು ಭಾರ ಶೇ 27.5ರಿಂದ ಶೇ 16.5ಕ್ಕೆ ಇಳಿದ ಹಾಗೆ. ಆಗ ಒಂದು ಡಾಲರ್‌ಗೆ ಸುಮಾರು 85 ರೂಪಾಯಿ 50 ಪೈಸೆ ಇತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. ಸರ್ಕಾರ ಬಿಟ್ಟುಕೊಟ್ಟ ಸುಂಕದಲ್ಲಿ ಎಷ್ಟು ಪಾಲನ್ನು ರೂಪಾಯಿಯ ಇಳಿಕೆ ತಿಂದು ಹಾಕಿತು? ಆಮದುದಾರರ ಲೆಕ್ಕಪತ್ರ ನೋಡುವ ನನಗೆ ತುಂಬಾ ಜನ ಕೇಳುವ ಪ್ರಶ್ನೆ ಇದು. ಕಾಗದ ಪೆನ್ನು ಹಿಡಿದರೆ ಉತ್ತರ ಸಿಗುತ್ತದೆ.

ಪಣಂಬೂರಿನ ನವ ಮಂಗಳೂರು ಬಂದರಿಗೆ ಕಚ್ಚಾ ತಾಳೆ ಎಣ್ಣೆ ಬಂತು ಅಂತಿಟ್ಟುಕೊಳ್ಳಿ. ಹಡಗು ಬಾಡಿಗೆ, ವಿಮೆ ಸೇರಿ ಟನ್ನಿಗೆ 1100 ಡಾಲರ್. ಈ ದರ ಮಧ್ಯೆ ಬದಲಾಗಲಿಲ್ಲ ಎಂದೂ ಇಟ್ಟುಕೊಳ್ಳೋಣ. ನಿಜಜೀವನದಲ್ಲಿ ಅದು ವಾರವಾರ ಕುಣಿಯುತ್ತದೆ, ಆದರೆ ರೂಪಾಯಿಯ ಪಾಲನ್ನು ಬೇರೆಯಾಗಿ ನೋಡಲು ಬೇರೆ ದಾರಿ ಇಲ್ಲ. ಹಳೆ ಸುಂಕ, 85.50ರ ಡಾಲರ್: ಕಿಲೋಗೆ 119 ರೂಪಾಯಿ 91 ಪೈಸೆ ಬೀಳುತ್ತದೆ. ಸುಂಕ ಇಳಿದ ಮೇಲೆ 109 ರೂಪಾಯಿ 57 ಪೈಸೆ. ಅಂದರೆ ಕಿಲೋಗೆ ಹತ್ತು ರೂಪಾಯಿಗಿಂತ ಸ್ವಲ್ಪ ಜಾಸ್ತಿ ಉಳಿತಾಯ. ಈಗ ಡಾಲರನ್ನು 90 ಮಾಡಿ ನೋಡಿ. ಅದೇ ಎಣ್ಣೆ 115 ರೂಪಾಯಿ 34 ಪೈಸೆ. ಉಳಿತಾಯದಲ್ಲಿ 5 ರೂಪಾಯಿ 77 ಪೈಸೆ ಹೋಯಿತು. ಅರ್ಧಕ್ಕಿಂತ ಜಾಸ್ತಿಯೇ.

ಈ 5.77ರ ಒಳಗೆ ಇನ್ನೊಂದು ಸಂಗತಿ ಇದೆ. ಡಾಲರ್ ಏರಿದ್ದಕ್ಕೆ ಹೊರದೇಶಕ್ಕೆ ಹೆಚ್ಚಾಗಿ ಹೋದದ್ದು 4 ರೂಪಾಯಿ 95 ಪೈಸೆ ಮಾತ್ರ. ಉಳಿದ 82 ಪೈಸೆ ಸುಂಕ. ಸುಂಕ ಶೇಕಡಾವಾರು ಲೆಕ್ಕದಲ್ಲಿ ಇರುವುದರಿಂದ ರೂಪಾಯಿಯಲ್ಲಿ ಮೌಲ್ಯ ಏರಿದಾಗ ಅದೂ ತಾನಾಗಿ ಏರುತ್ತದೆ. ಇದರ ಮೇಲೆ ಶೇ 5 ಜಿಎಸ್‌ಟಿ ಸೇರಿದರೆ ಗಿರಾಕಿಯ ಕೈಯಲ್ಲಿ ಏರಿಕೆ ಕಿಲೋಗೆ 6 ರೂಪಾಯಿ ದಾಟುತ್ತದೆ. ದರ ಏರಿಸಿದೆವು ಎಂದು ಯಾರೂ ಪ್ರಕಟಣೆ ಕೊಡಬೇಕಾಗಿಲ್ಲ. ನನ್ನ ಮಟ್ಟಿಗೆ ಇದು ಸದ್ದಿಲ್ಲದ ತೆರಿಗೆ ಏರಿಕೆ.

ಕಸ್ಟಮ್ಸ್‌ನವರು ಆ ದಿನದ ಮಾರುಕಟ್ಟೆ ದರ ನೋಡಿ ಸುಂಕ ಹಾಕುವುದಿಲ್ಲ ಎಂಬುದನ್ನೂ ಹೇಳಬೇಕು. ಖಾದ್ಯ ತೈಲಕ್ಕೆ ಟ್ಯಾರಿಫ್ ಮೌಲ್ಯ, ಅಂದರೆ ಸುಂಕ ಲೆಕ್ಕ ಹಾಕಲು ಹಿಡಿಯುವ ಬೆಲೆಯನ್ನು, ಡಾಲರ್ ಲೆಕ್ಕದಲ್ಲಿ ಹದಿನೈದು ದಿನಕ್ಕೊಮ್ಮೆ ನಿಗದಿ ಮಾಡುತ್ತಾರೆ. ಡಾಲರನ್ನು ರೂಪಾಯಿಗೆ ತಿರುಗಿಸುವ ಕಸ್ಟಮ್ಸ್ ದರವೂ ತಿಂಗಳಿಗೆ ಎರಡು ಸಲ ಬದಲಾಗುತ್ತದೆ. ರೂಪಾಯಿ ಕುಸಿಯುತ್ತಿರುವ ವಾರದಲ್ಲಿ ಹೊಸ ದರ ಬರುವ ಮೊದಲೇ ಆಮದು ಸರಕಿನ ಘೋಷಣಾ ಪತ್ರವಾದ ಬಿಲ್ ಆಫ್ ಎಂಟ್ರಿ ಹಾಕಲು ಕ್ಲಿಯರಿಂಗ್ ಏಜೆಂಟರು ಓಡಾಡುವುದು ಇದಕ್ಕೇ.

ಆಮದುದಾರನಿಗೆ ಎಣ್ಣೆಯ ಹಣ ಕಟ್ಟಲು ಸಾಮಾನ್ಯವಾಗಿ ಸಮಯ ಇರುತ್ತದೆ, ಎರಡು ಮೂರು ತಿಂಗಳ ಸಾಲ. ಆ ಸಮಯಕ್ಕೆ ಬೇಕಾದ ಡಾಲರನ್ನು ಫಾರ್ವರ್ಡ್ ದರದಲ್ಲಿ, ಅಂದರೆ ಮುಂದಿನ ದಿನಾಂಕಕ್ಕೆ ಈಗಲೇ ಗೊತ್ತು ಮಾಡಿಕೊಂಡ ದರದಲ್ಲಿ, ಖರೀದಿಸಿಟ್ಟರೆ ಆ ಒಂದು ಹಡಗಿನ ಮಟ್ಟಿಗೆ ಬಚಾವ್. ಹಾಗಾದರೆ ಬೆಲೆ ಮೂರು ತಿಂಗಳು ತಡವಾಗಿ ಏರಬೇಕಲ್ವಾ? ಏರುವುದು ಹಾಗಲ್ಲ. ಮಂಗಳೂರು ಬಂದರ್‌ನ ಸಗಟು ವ್ಯಾಪಾರಿಯೊಬ್ಬರು ಒಂದೇ ಮಾತಲ್ಲಿ ಹೇಳಿದರು: "ಈ ಟಿನ್ ನನಗೆ ಎಷ್ಟಕ್ಕೆ ಬಿತ್ತು ಅನ್ನೋದು ಹಳೇ ಕಥೆ ಸಾರ್. ಇದನ್ನ ಮಾರಿ ಇನ್ನೊಂದು ಟಿನ್ ತರಿಸ್ಲಿಕ್ಕೆ ಎಷ್ಟು ಬೇಕು, ನಾನು ಅದನ್ನ ನೋಡ್ಬೇಕು." ಹಳೆ ಸ್ಟಾಕಿಗೂ ಹೊಸ ದರ ಬರುವುದು ಹೀಗೆ. ಇಳಿಯುವಾಗ ಮಾತ್ರ "ಹಳೇ ಸ್ಟಾಕ್ ಮುಗಿಯಲಿ" ಎಂಬ ಮಾತು ಕೇಳುತ್ತದೆ! ವ್ಯಾಪಾರಿಯನ್ನು ಬೈದು ಪ್ರಯೋಜನವಿಲ್ಲ. ಏರುವಾಗ ಕಾದರೆ ಅವನ ಬಂಡವಾಳ ಕರಗುತ್ತದೆ, ಇಳಿಯುವಾಗ ಅವಸರ ಮಾಡಿದರೂ ಕರಗುತ್ತದೆ.

ಮುಂದಿನ ಹೆಜ್ಜೆ ಹೋಟೆಲು. 15 ಕಿಲೋ ಟಿನ್ನಿಗೆ ಸುಮಾರು 90 ರೂಪಾಯಿ ಏರಿತು ಅಂದರೆ ಉಡುಪಿಯ ಹೋಟೆಲಿನವರು ಮರುದಿನವೇ ಗೋಳಿಬಜೆಯ ರೇಟ್ ಬದಲಾಯಿಸುವುದಿಲ್ಲ. ಒಂದು ಪ್ಲೇಟಿಗೆ ಅದು ಕೆಲವು ಪೈಸೆಗಳ ಮಾತು. ಅವರು ಸಹಿಸಿಕೊಳ್ಳುತ್ತಾರೆ. ಗ್ಯಾಸು, ಮೈದಾ, ಸಂಬಳ ಎಲ್ಲ ಸೇರಿ ಭಾರ ಜಾಸ್ತಿಯಾದಾಗ ಒಂದೇ ಸಲ ಐದು ರೂಪಾಯಿ ಏರಿಸುತ್ತಾರೆ. ಆಮೇಲೆ ಎಣ್ಣೆ ಇಳಿದರೂ ಬೋರ್ಡಿನ ರೇಟ್ ಇಳಿಯುವುದಿಲ್ಲ. ಡಾಲರಿನಿಂದ ಬಂದ ಏರಿಕೆ ಊರಿನ ಬೆಲೆಯಾಗಿ ಗಟ್ಟಿಯಾಗುವ ಜಾಗ ಇದು. ಅಂಗಡಿಯಲ್ಲಾದರೆ ಏರಿಕೆ ಬೆಲೆಯಲ್ಲಿ ಕಾಣದೆ ತೂಕದಲ್ಲಿ ಅಡಗಿರಬಹುದು. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಅದೇ ಗಾತ್ರದಂತೆ ಕಾಣುವ 800 ಗ್ರಾಂ, 850 ಗ್ರಾಂ ಪೌಚ್‌ಗಳೂ ಪಕ್ಕದಲ್ಲೇ ಇರುತ್ತವೆ. ರೇಟ್ ಹೋಲಿಸುವವರು ಗ್ರಾಂ ಓದಬೇಕು.

ಇನ್ನು ಪೆಟ್ರೋಲ್. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನದು. ಮಂಗಳೂರಿನ ನಮ್ಮ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ಗೂ ಅದು ಹಡಗಿನಲ್ಲೇ ಬರಬೇಕು. ಬ್ಯಾರೆಲ್‌ಗೆ 65 ಡಾಲರ್ ಎಂದಿಟ್ಟುಕೊಂಡರೆ, 159 ಲೀಟರಿಗೆ ಹಂಚಿದಾಗ ಡಾಲರಿನ ಅದೇ ನಾಲ್ಕೂವರೆ ರೂಪಾಯಿ ಏರಿಕೆ ಲೀಟರಿಗೆ 1 ರೂಪಾಯಿ 84 ಪೈಸೆ ಆಗುತ್ತದೆ. ಬಂಕಿನಲ್ಲಿ ಅದು ಕಾಣಲಿಲ್ಲ. ಒಂದು ಕಾರಣ, ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾಗಿರುತ್ತದೆ. ಎಣ್ಣೆಯ ಸುಂಕದಂತೆ ಅದು ಡಾಲರ್ ಜೊತೆ ಉಬ್ಬುವುದಿಲ್ಲ. ಎರಡನೆಯದು ದೊಡ್ಡ ಕಾರಣ. 2022ರಿಂದ ತೈಲ ಕಂಪನಿಗಳು ದಿನದ ದರ ಬದಲಾವಣೆಯನ್ನು ಹೆಚ್ಚುಕಡಿಮೆ ನಿಲ್ಲಿಸಿದ್ದವು. 2025ರ ಏಪ್ರಿಲ್‌ನಲ್ಲಿ ಅಬಕಾರಿ ಸುಂಕ ಎರಡು ರೂಪಾಯಿ ಏರಿದಾಗಲೂ ಬಂಕಿನ ದರ ಏರಲಿಲ್ಲ, ಕಂಪನಿಗಳೇ ಹೊತ್ತುಕೊಂಡವು. ಕಚ್ಚಾ ತೈಲ ಅಗ್ಗವಾದಾಗ ಸಿಕ್ಕ ಲಾಭ ಅವರ ಬಳಿಯೇ ಉಳಿಯುತ್ತದೆ, ರೂಪಾಯಿ ಕುಸಿದಾಗಿನ ಏಟನ್ನು ಆ ಲಾಭವೇ ಹೀರಿಕೊಳ್ಳುತ್ತದೆ. ಸುಮ್ನೆ ಬಿಟ್ಟುಕೊಟ್ಟದ್ದಲ್ಲ, ಗಿರಾಕಿ ಮುಂಚೆಯೇ ಕೊಟ್ಟಾಗಿದೆ.

ಮೊಬೈಲ್, ಟಿವಿಯ ಕಥೆ ಚಿಕ್ಕದು. ಇಲ್ಲಿ ಜೋಡಿಸಿದ ಸೆಟ್ಟಿನೊಳಗೂ ಚಿಪ್, ಪ್ಯಾನೆಲ್ ಡಾಲರಿನಲ್ಲೇ ಬರುತ್ತವೆ. ಹಳೆ ಮಾಡೆಲ್‌ನ ಎಂಆರ್‌ಪಿ ಮುಟ್ಟದೆ ಡಿಸ್ಕೌಂಟ್ ಕಡಿಮೆ ಮಾಡುತ್ತಾರೆ, ಹೊಸ ಮಾಡೆಲ್ ಬರುವಾಗ ಪೂರ್ತಿ ವಸೂಲು. 2025ರ ಸೆಪ್ಟೆಂಬರ್ 22ರಿಂದ ಎಸಿ ಮತ್ತು ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದರಿಂದ ಆ ವರ್ಷ ರೂಪಾಯಿಯ ಏಟು ಗಿರಾಕಿಗೆ ಗೊತ್ತೇ ಆಗಲಿಲ್ಲ.

ಇದೆಲ್ಲ ಸೇರಿದಾಗಲೂ, ರೂಪಾಯಿ ಶೇ 5 ಬಿದ್ದರೆ ದೇಶದ ಒಟ್ಟು ಹಣದುಬ್ಬರಕ್ಕೆ ಸೇರುವುದು ಅರ್ಧ ಶೇಕಡಾ ಪಾಯಿಂಟ್‌ಗಿಂತ ಕಡಿಮೆ ಎಂಬುದು ರಿಸರ್ವ್ ಬ್ಯಾಂಕಿನ ಅಂದಾಜು. 2012ರ ಆಧಾರದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಎಣ್ಣೆ, ಕೊಬ್ಬುಗಳ ತೂಕ ಕೇವಲ ಶೇ 3.56. ದಿನಕ್ಕೆ ಟಿನ್ನುಗಟ್ಟಲೆ ಎಣ್ಣೆ ಸುರಿಯುವ ಹೋಟೆಲಿನವರಿಗೆ ಈ ಸರಾಸರಿ ಅನ್ವಯಿಸುವುದಿಲ್ಲ, ಅಷ್ಟೇ.

ಹಾಗಂತ ಎಲ್ಲ ಎಣ್ಣೆಯ ಏರಿಕೆಯನ್ನೂ ಡಾಲರಿನ ತಲೆಗೆ ಕಟ್ಟಬೇಡಿ. 2025ರಲ್ಲಿ ನಮ್ಮ ಕರಾವಳಿಯ ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿದ್ದು ಕೊಬ್ಬರಿಯ ಕೊರತೆಯಿಂದ. ಅದರ ಆಮದಿಗೆ ನಿರ್ಬಂಧ ಇರುವುದರಿಂದ ಡಾಲರಿನ ಕೈ ಅಲ್ಲಿಗೆ ನೇರವಾಗಿ ತಲುಪುವುದಿಲ್ಲ. ಆದರೆ ಆ ಬೆಲೆಗೆ ಹೆದರಿ ಪಾಮೋಲಿನ್‌ಗೋ ಸೂರ್ಯಕಾಂತಿ ಎಣ್ಣೆಗೋ ಬದಲಾದ ಅಡುಗೆಮನೆಗಳು, ಅಲ್ಲಿಯವರೆಗೆ ತಮಗೆ ಸಂಬಂಧವೇ ಇಲ್ಲದ ಡಾಲರ್ ದರವನ್ನು ತಾವಾಗಿ ಒಳಗೆ ಕರೆದುಕೊಂಡವು.